ಲೆಕ್ಕಪತ್ರ ಸಹಾಯಕರ ಹುದ್ದೆಗೆ ಅರ್ಜಿ

ದಿನಾಂಕ: 14 ಜುಲೈ 2025

ಇಂದ:
ಕಾವ್ಯ ಎಚ್. ಎಂ.
ವಿನೋಬನಗರ, ಶಿವಮೊಗ್ಗ

ಗೆ:
ವ್ಯವಸ್ಥಾಪಕರು
ಅಡಿಕೆ ಮಂಡಿ ಕಚೇರಿ, ಎ.ಪಿ.ಎಂ.ಸಿ. ಪ್ರಾಂಗಣ
ಸಾಗರ ರಸ್ತೆ, ಶಿವಮೊಗ್ಗ

ವಿಷಯ: ಲೆಕ್ಕಪತ್ರ ಸಹಾಯಕರ ಹುದ್ದೆಗೆ ಅರ್ಜಿ ಸಲ್ಲಿಸುವ ಬಗ್ಗೆ.

ಮಾನ್ಯರೇ,

ತಮ್ಮ ಕಚೇರಿಗೆ ಲೆಕ್ಕಪತ್ರ ಸಹಾಯಕರು ಬೇಕಾಗಿದ್ದಾರೆ ಎಂಬ ಜಾಹೀರಾತಿನ ಸ್ಕ್ರೀನ್‌ಶಾಟ್ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನ ಮೂಲಕ ನನಗೆ ತಲುಪಿತು. ಚಿತ್ರದ ಮೇಲ್ಭಾಗ ಕತ್ತರಿಸಿಹೋಗಿರುವುದರಿಂದ ಸಂಸ್ಥೆಯ ಹೆಸರು ಕಾಣುತ್ತಿಲ್ಲ. ಹುದ್ದೆ, ಬೇಕಾದ ಕೌಶಲಗಳು, ಪ್ರಾಂಗಣದ ವಿಳಾಸ ಮತ್ತು ಈ ಇಮೇಲ್ ವಿಳಾಸ ಮಾತ್ರ ಸ್ಪಷ್ಟವಾಗಿವೆ. ಆದ್ದರಿಂದ ತಮ್ಮನ್ನು ಹೆಸರಿನಿಂದ ಸಂಬೋಧಿಸಲು ಸಾಧ್ಯವಾಗಿಲ್ಲ. ಜಾಹೀರಾತು ತಮ್ಮದೇ ಎಂದು ತಾವು ಖಚಿತಪಡಿಸಿಕೊಳ್ಳಲು ಅನುಕೂಲವಾಗಲೆಂದು ಆ ಸ್ಕ್ರೀನ್‌ಶಾಟನ್ನೂ ಲಗತ್ತಿಸಿದ್ದೇನೆ. ಹೊಸಬರೂ ಅರ್ಜಿ ಸಲ್ಲಿಸಬಹುದು ಎಂದು ಅದರಲ್ಲಿ ನಮೂದಾಗಿರುವುದರಿಂದ ಈ ಅರ್ಜಿಯನ್ನು ಕಳುಹಿಸುತ್ತಿದ್ದೇನೆ.

ನಾನು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜಿನಲ್ಲಿ ಬಿ.ಕಾಂ. ಓದಿ, ಕಳೆದ ತಿಂಗಳು ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದಿದ್ದೇನೆ. ಮೊದಲ ಐದು ಸೆಮಿಸ್ಟರ್‌ಗಳ ಒಟ್ಟು ಅಂಕ ಶೇ. 78. ಓದಿನ ಜೊತೆಗೆ ನಗರದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದೇನೆ. ಅಲ್ಲಿಗೆ ಬರುತ್ತಿದ್ದ ಲೆಕ್ಕಗಳಲ್ಲಿ ಹಾರ್ಡ್‌ವೇರ್ ಅಂಗಡಿ, ಔಷಧ ಅಂಗಡಿಗಳದ್ದಲ್ಲದೆ ಒಂದು ಅಡಿಕೆ ಮಂಡಿಯ ಲೆಕ್ಕವೂ ಇತ್ತು. ತಾವು ಕೇಳಿರುವ ಕೌಶಲಗಳಲ್ಲಿ ಬಹುಪಾಲು ನನಗೆ ಕೈಗೆ ಹತ್ತಿದ್ದು ಆ ಮಂಡಿಯ ಲೆಕ್ಕ ಬರೆಯುವಾಗಲೇ.

ಜಾಹೀರಾತಿನಲ್ಲಿ ಮೊದಲು ಇರುವುದು ಟ್ಯಾಲಿ ಪ್ರೈಮ್. ಖರೀದಿ, ಮಾರಾಟ, ಪಾವತಿ, ಜಮೆ ಮತ್ತು ಜರ್ನಲ್ ವೋಚರ್‌ಗಳನ್ನು ನಮೂದಿಸುವುದಷ್ಟೇ ಅಲ್ಲದೆ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆವಾರು ದಾಸ್ತಾನು ತೆರೆಯುವುದು, ತೂಕವನ್ನು ಕ್ವಿಂಟಾಲ್ ಮತ್ತು ಕಿಲೋ ಎರಡರಲ್ಲೂ ಹೊಂದಿಸುವುದು, ಪ್ರತಿ ಪಾರ್ಟಿಯ ಬಾಕಿಯನ್ನು ಬಿಲ್‌ವಾರು ಇಡುವುದು ನನಗೆ ಅಭ್ಯಾಸವಾಗಿದೆ. ಬಿಲ್‌ವಾರು ನಮೂದನ್ನು ಬಿಟ್ಟರೆ ಒಟ್ಟು ಬಾಕಿ ಸರಿಯಾಗಿಯೇ ಕಾಣುತ್ತದೆ, ಆದರೆ ಯಾವ ಬಿಲ್ಲು ಎಷ್ಟು ಹಳೆಯದು ಎಂಬುದು ತಿಳಿಯುವುದಿಲ್ಲ. ಬಾಕಿ ವಸೂಲಿಗೆ ಫೋನ್ ಮಾಡುವವರಿಗೆ ಬೇಕಾಗುವುದು ಆ ಎರಡನೆಯ ವಿವರವೇ ಎಂದು ನಾನು ಅದನ್ನು ಎಂದೂ ಬಿಡದೆ ನಮೂದಿಸುತ್ತೇನೆ.

ಎರಡನೆಯದು ಜಿಎಸ್‌ಟಿ. ತಿಂಗಳ ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿಆರ್-1ಕ್ಕೂ, ತೆರಿಗೆ ಕಟ್ಟಿ 20ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿಆರ್-3ಬಿಗೂ ಅಂಕಿಅಂಶಗಳನ್ನು ಸಿದ್ಧಪಡಿಸಿಕೊಟ್ಟಿದ್ದೇನೆ. ಈ ಎರಡು ದಿನಾಂಕಗಳ ನಡುವೆ, 14ರಂದು ಬರುವ 2ಬಿ ಪಟ್ಟಿಯನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸವನ್ನು ಇಂಟರ್ನ್‌ಶಿಪ್‌ನ ಅವಧಿಯಲ್ಲಿ ಬಹುಮಟ್ಟಿಗೆ ನನಗೇ ಒಪ್ಪಿಸಿದ್ದರು, ಮತ್ತು ಇದೇ ನಾನು ಅತ್ಯಂತ ಇಷ್ಟಪಟ್ಟು ಮಾಡುವ ಕೆಲಸ. ಮಂಡಿಯ ಖರೀದಿಯಲ್ಲಿ ನೋಂದಾಯಿತ ವ್ಯಾಪಾರಿಗಳಿಂದ ಕೊಂಡ ಮಾಲೂ ನೋಂದಣಿಯಿಲ್ಲದ ಬೆಳೆಗಾರರಿಂದ ಕೊಂಡ ಮಾಲೂ ಬೆರೆತಿರುತ್ತವೆ. ಮೊದಲನೆಯದಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಆದ್ದರಿಂದ ಇವೆರಡನ್ನೂ ನಮೂದಿಸುವಾಗಲೇ ಬೇರೆ ಬೇರೆ ಲೆಡ್ಜರ್‌ಗೆ ಹಾಕಿದರೆ 2ಬಿ ತಾಳೆ ಹಗುರವಾಗುತ್ತದೆ. ವ್ಯಾಪಾರಿ ತನ್ನ ವಿವರವನ್ನು ಸಲ್ಲಿಸದೆ 2ಬಿಯಲ್ಲಿ ಬಿಲ್ಲು ಕಾಣದಿದ್ದರೆ, ಅಂಥವುಗಳ ಪ್ರತ್ಯೇಕ ಪಟ್ಟಿ ಮಾಡಿ, 20ಕ್ಕೆ ಮೊದಲೇ ಅವರಿಗೆ ತಿಳಿಸುವ ಪದ್ಧತಿಯನ್ನು ನಾನು ಅಲ್ಲಿ ಕಲಿತೆ.

ಈ ತಾಳೆಗೆ ಎಕ್ಸೆಲ್ ಅನಿವಾರ್ಯ. VLOOKUP, SUMIFS ಮತ್ತು ಪಿವಟ್ ಟೇಬಲ್‌ಗಳನ್ನು ಯಾರ ಸಹಾಯವೂ ಇಲ್ಲದೆ ಬಳಸುತ್ತೇನೆ. ಒಂದೇ ಬಿಲ್ಲಿನ ಸಂಖ್ಯೆ ನಮ್ಮ ಪುಸ್ತಕದಲ್ಲಿ 23 ಎಂದೂ ಪೋರ್ಟಲ್‌ನಲ್ಲಿ 023 ಎಂದೂ ಇರುವುದು ಸಾಮಾನ್ಯವಾದ್ದರಿಂದ, ಬಿಲ್ ಸಂಖ್ಯೆಯೊಂದನ್ನೇ ನಂಬದೆ ಜಿಎಸ್‌ಟಿ ಸಂಖ್ಯೆ ಮತ್ತು ತೆರಿಗೆಗೊಳಪಡುವ ಮೌಲ್ಯ ಎರಡನ್ನೂ ಸೇರಿಸಿ ಹೋಲಿಸುತ್ತೇನೆ. ಬ್ಯಾಂಕ್ ತಾಳೆಪಟ್ಟಿಯನ್ನೂ ಮಾಡಬಲ್ಲೆ.

ಇ-ವೇ ಬಿಲ್ ಬಗ್ಗೆ ತಾವು ವಿಶೇಷವಾಗಿ ಕೇಳಿದ್ದೀರಿ. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚಿನ ಮೌಲ್ಯದ ಮಾಲು ಹೊರಡುವಾಗ ಅದು ಬೇಕೆಂಬುದು, ದಿನಕ್ಕೆ 200 ಕಿಲೋಮೀಟರ್ ಲೆಕ್ಕದಲ್ಲಿ ಅವಧಿ ಸಿಗುತ್ತದೆಂಬುದು, ದಾರಿಯಲ್ಲಿ ಲಾರಿ ಬದಲಾದರೆ ಭಾಗ-ಬಿಯಲ್ಲಿ ಹೊಸ ವಾಹನದ ಸಂಖ್ಯೆ ಸೇರಿಸಬೇಕೆಂಬುದು, ರದ್ದು ಮಾಡುವುದಿದ್ದರೆ 24 ಗಂಟೆಯೊಳಗೆ ಮಾಡಬೇಕೆಂಬುದು ನನಗೆ ಗೊತ್ತಿದೆ. ಸಲಹೆಗಾರರ ಕಚೇರಿಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಬಿಲ್‌ಗಳನ್ನು ತಯಾರಿಸಿಯೂ ಇದ್ದೇನೆ. ಶಿವಮೊಗ್ಗದಿಂದ ಉತ್ತರ ಭಾರತಕ್ಕೆ ಹೋಗುವ ಅಡಿಕೆ ಲಾರಿ ಹಲವು ರಾಜ್ಯಗಳನ್ನು ದಾಟಬೇಕಾಗುತ್ತದೆ. ಅಷ್ಟು ದೂರ ಹೋಗುವ ಮಾಲಿನ ಕಾಗದದಲ್ಲಿ ಒಂದು ಅಂಕಿ ತಪ್ಪಿದರೂ ದಾರಿಯ ತಪಾಸಣೆಯಲ್ಲಿ ಚಾಲಕರು ಕಾಯಬೇಕಾಗುತ್ತದೆ ಎಂಬ ಎಚ್ಚರದಿಂದಲೇ ಈ ಕೆಲಸ ಮಾಡುತ್ತೇನೆ.

ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್ ಎರಡೂ ಬರುತ್ತವೆ. ಕನ್ನಡವನ್ನು ನುಡಿ ಕೀಲಿಮಣೆಯಲ್ಲಿ ಬೆರಳಚ್ಚಿಸುತ್ತೇನೆ.

ಇನ್ನೂ ನನ್ನ ಕೈಗೆ ಬಾರದ ಎರಡು ಕೆಲಸಗಳನ್ನೂ ಇಲ್ಲಿಯೇ ತಿಳಿಸುವುದು ನ್ಯಾಯ. ಜಿಎಸ್‌ಟಿ ರಿಟರ್ನ್‌ಗಳ ಕರಡನ್ನು ನಾನು ಸಿದ್ಧಪಡಿಸಿದ್ದರೂ, ಪೋರ್ಟಲ್‌ನಲ್ಲಿ ಅಂತಿಮವಾಗಿ ಸಲ್ಲಿಸುತ್ತಿದ್ದವರು ಕಚೇರಿಯ ಹಿರಿಯರು. ಹಾಗೆಯೇ, ಟಿಡಿಎಸ್ ಗೊತ್ತಿದ್ದರೆ ಆದ್ಯತೆ ಎಂದು ಜಾಹೀರಾತಿನ ಕೊನೆಯಲ್ಲಿದೆ. ಹಿಂದಿನ ವರ್ಷದ ವಹಿವಾಟು 10 ಕೋಟಿ ರೂಪಾಯಿ ಮೀರಿದ ಖರೀದಿದಾರರು, ಒಬ್ಬ ಮಾರಾಟಗಾರರಿಂದ ವರ್ಷದಲ್ಲಿ 50 ಲಕ್ಷ ರೂಪಾಯಿ ಮೀರಿ ಕೊಂಡಾಗ ಹೆಚ್ಚುವರಿ ಮೊತ್ತಕ್ಕೆ ಶೇ. 0.1 ಕಡಿತ ಮಾಡಬೇಕೆಂಬ 194ಕ್ಯೂ ಕಲಮನ್ನು ಓದಿ ತಿಳಿದಿದ್ದೇನೆ, ಆದರೆ ಟಿಡಿಎಸ್ ರಿಟರ್ನನ್ನು ಸ್ವತಃ ತಯಾರಿಸಿಲ್ಲ. ಒಮ್ಮೆ ತೋರಿಸಿಕೊಟ್ಟರೆ ಬೇಗ ಕಲಿಯಬಲ್ಲೆ ಎಂಬ ವಿಶ್ವಾಸ ನನಗಿದೆ.

ಬೇರೆ ಕಚೇರಿಗಳ ಜಾಹೀರಾತುಗಳೂ ಆ ಗುಂಪಿನಲ್ಲಿ ಬಂದಿದ್ದವು. ತಮ್ಮ ಹುದ್ದೆಯನ್ನೇ ಆಯ್ದುಕೊಳ್ಳಲು ಕಾರಣವಿದೆ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಅಡಿಕೆ ತೋಟದ ಮನೆ. ಮಂಡಿಯಿಂದ ಅಪ್ಪ ತರುವ ಪಟ್ಟಿಯಲ್ಲಿ ತೂಕ, ದರ, ಮುಂಗಡದ ಕಡಿತ ಸರಿಯಾಗಿವೆಯೇ ಎಂದು ನೋಡುವ ಕೆಲಸ ಪಿಯುಸಿ ದಿನಗಳಿಂದ ನನ್ನದೇ ಆಗಿದೆ. ಬೆಳೆಗಾರರು ಆ ಪಟ್ಟಿಯನ್ನು ಎಷ್ಟು ಗಮನವಿಟ್ಟು ಓದುತ್ತಾರೆ, ಯಾವ ಅಂಕಿಯ ಬಗ್ಗೆ ಮೊದಲು ಪ್ರಶ್ನೆ ಕೇಳುತ್ತಾರೆ ಎಂಬುದು ನನಗೆ ಗೊತ್ತಿರುವುದರಿಂದ, ಕಚೇರಿಗೆ ಬಂದು ಲೆಕ್ಕ ಕೇಳುವವರಿಗೆ ಅವರದೇ ಮಾತಿನಲ್ಲಿ ವಿವರಿಸಿ ಹೇಳಬಲ್ಲೆ.

ಜಾಹೀರಾತಿನಲ್ಲಿ ಸೂಚಿಸಿರುವ ವೇತನ ನನಗೆ ಒಪ್ಪಿಗೆ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಹೆಚ್ಚು ಹೊತ್ತು ಕೆಲಸವಿರುತ್ತದೆಂದು ತಿಳಿದಿದೆ, ಅದಕ್ಕೆ ಮನೆಯವರ ಸಮ್ಮತಿಯೂ ಇದೆ. ದ್ವಿಚಕ್ರ ವಾಹನದ ಪರವಾನಗಿಯೂ ವಾಹನವೂ ಇವೆ. ಆಯ್ಕೆಯಾದರೆ ಆಗಸ್ಟ್ 1ರಿಂದ ಕೆಲಸಕ್ಕೆ ಹಾಜರಾಗಬಲ್ಲೆ. ಸಂದರ್ಶನದ ದಿನ ತಮ್ಮ ಕಚೇರಿಯ ಕೆಲವು ಹಳೆಯ ಬಿಲ್‌ಗಳನ್ನು ಕೊಟ್ಟು ನನ್ನಿಂದ ಟ್ಯಾಲಿಯಲ್ಲಿ ನಮೂದು ಮಾಡಿಸಿ ನೋಡಬೇಕೆಂದು ವಿನಂತಿಸುತ್ತೇನೆ, ಏಕೆಂದರೆ ಅನುಭವದ ಪ್ರಮಾಣಪತ್ರಕ್ಕೆ ಬದಲಾಗಿ ನಾನು ತೋರಿಸಬಹುದಾದದ್ದು ಅದೇ. ನನ್ನ ಮೊಬೈಲ್ ಸಂಖ್ಯೆ ಸ್ವವಿವರದ ಮೊದಲ ಪುಟದಲ್ಲಿದೆ. ಬೆಳಿಗ್ಗೆ 9ರ ನಂತರ ಯಾವಾಗ ಬೇಕಾದರೂ ಕರೆ ಮಾಡಬಹುದು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಕಾವ್ಯ ಎಚ್. ಎಂ.

ಲಗತ್ತು: ಸ್ವವಿವರ, ಐದು ಸೆಮಿಸ್ಟರ್‌ಗಳ ಅಂಕಪಟ್ಟಿ, ಇಂಟರ್ನ್‌ಶಿಪ್ ಪ್ರಮಾಣಪತ್ರ, ಜಾಹೀರಾತಿನ ಸ್ಕ್ರೀನ್‌ಶಾಟ್.