ಜುಲೈ 1ರಿಂದ ತೆಂಗಿನೆಣ್ಣೆಯ ದರ

ಬದಿಯಡ್ಕ
18 ಜೂನ್ 2025

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನೀರ್ಚಾಲಿನಲ್ಲಿ ಹಲಸಿನಕಾಯಿ ಚಿಪ್ಸಿನ ಕೆಲಸ ಜೋರಾಗಿರಬೇಕು. ಇಂಥ ಸಮಯದಲ್ಲಿ ದರದ ವಿಷಯ ಎತ್ತಬೇಕಾಗಿ ಬಂತಲ್ಲ ಎಂದು ಬೇಸರವಿದೆ. ಆದರೆ ಎಣ್ಣೆ ಇಳಿಸುವ ಹೊತ್ತಿಗೆ ಬಿಲ್ಲು ನೋಡಿ ನಿಮಗೆ ಗೊತ್ತಾಗುವುದು ಸರಿಯಲ್ಲ. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ.

ಜುಲೈ 1ರಿಂದ ನಿಮಗೆ ಕೊಡುವ ಎಣ್ಣೆ ಲೀಟರಿಗೆ 320 ರೂಪಾಯಿಯಿಂದ 370 ರೂಪಾಯಿ ಆಗುತ್ತದೆ. 15 ಲೀಟರಿನ ಟಿನ್ನಿಗೆ 750 ರೂಪಾಯಿ ಜಾಸ್ತಿ. ತಿಂಗಳಿಗೆ ಎಂಟು ಟಿನ್ ತರಿಸುವ ನಿಮಗೆ ಅದು 6000 ರೂಪಾಯಿ. ಸಣ್ಣ ಮೊತ್ತವಲ್ಲ, ನನಗೆ ಗೊತ್ತು.

ಯಾಕೆ ಹೀಗೆ ಎಂದು ಪೂರ್ತಿ ಹೇಳುತ್ತೇನೆ. ಒಂದು ಲೀಟರ್ ಎಣ್ಣೆಗೆ ಸುಮಾರು ಒಂದೂವರೆ ಕಿಲೋ ಕೊಬ್ಬರಿ ಬೇಕು. ಏಪ್ರಿಲಿನಲ್ಲಿ ನಾನು ಕಿಲೋಗೆ 180 ಕೊಟ್ಟು ತಂದ ಕೊಬ್ಬರಿಗೆ ಮೊನ್ನೆ 220 ಕೊಟ್ಟೆ. ಕೊಬ್ಬರಿಯಲ್ಲಿ 40 ಏರಿದರೆ ಎಣ್ಣೆಯಲ್ಲಿ 60 ಏರಿತು ಎಂದೇ ಲೆಕ್ಕ. ಅದರಲ್ಲಿ 50 ಮಾತ್ರ ನಿಮ್ಮ ಬಿಲ್ಲಿಗೆ ಬರುತ್ತದೆ. ಉಳಿದ 10 ನಾವೇ ನೋಡಿಕೊಳ್ಳುತ್ತೇವೆ. ಗಾಣದ ಕರೆಂಟು, ಕೆಲಸದವರ ಸಂಬಳ, ಸಾಗಾಟದ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಸೇರಿಸಿಲ್ಲ.

ಈ ವರ್ಷ ಎಣ್ಣೆ ಕೊಬ್ಬರಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,582 ರೂಪಾಯಿ. ಅಂದರೆ ಕಿಲೋಗೆ 116 ಕೂಡ ಇಲ್ಲ. ಪೇಟೆಯಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು ನಡೆಯುತ್ತಿದೆ. ಕಾಯಿಯೇ ಇಲ್ಲ ಅಕ್ಕಾ. ಹಿಂಗಾರ ಅರಳಿದ ಮೇಲೆ ಕಾಯಿ ಬಲಿಯಲು ವರ್ಷ ಹಿಡಿಯುತ್ತದೆ ಅಲ್ವಾ? ಕಳೆದ ವರ್ಷದ ಬೇಸಿಗೆಯ ಬಿಸಿಲಿಗೆ ಉದುರಿದ ಮಿಡಿಗಳ ಕೊರತೆ ಈಗ ಕಾಣುತ್ತಿದೆ. ಬಿಳಿ ನೊಣ ಬಂದ ತೋಟಗಳಲ್ಲಿ ಸೋಗೆಯೆಲ್ಲ ಕಪ್ಪು ಹಿಡಿದಿದೆ. ಇದ್ದ ಕಾಯಿಯಲ್ಲೂ ಒಂದಷ್ಟು ಎಳನೀರಾಗಿ ಹೋಗುತ್ತದೆ. ಬೆಳೆದವರಿಗೆ ಈಗಲಾದರೂ ನಾಲ್ಕು ಕಾಸು ಸಿಗುತ್ತಿದೆ ಎಂಬುದು ಸಂತೋಷವೇ. ಎಷ್ಟೋ ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ಕಷ್ಟಪಟ್ಟವರು ಅವರು.

ಇದರ ಮೇಲೆ ಮಳೆ. ಅಂಗಳದಲ್ಲಿ ಒಣಗಿಸುವ ಹಾಗಿಲ್ಲ, ಎಲ್ಲವೂ ಡ್ರೈಯರಿನಲ್ಲೇ ಆಗಬೇಕು. ತಂದ ಪ್ರತಿ ಚೀಲದಿಂದ ನಾಲ್ಕೈದು ಹೋಳು ತೆಗೆದು ಕೈಯಲ್ಲಿ ಮುರಿದು ನೋಡುತ್ತೇನೆ. ಟಕ್ ಎಂದು ಮುರಿಯಬೇಕು, ಒಳಗೆ ಬೆಳ್ಳಗಿರಬೇಕು. ಬಾಗಿದರೆ, ಅಥವಾ ಹಸಿರು ಬೂಷ್ಟು ಕಂಡರೆ ಆ ಚೀಲ ವಾಪಸು. ಕೊಬ್ಬರಿ ಸಿಗದ ಈ ದಿನಗಳಲ್ಲೂ ಅದನ್ನು ಬಿಟ್ಟಿಲ್ಲ. ಅಂಥ ಕೊಬ್ಬರಿಯ ಎಣ್ಣೆಯಲ್ಲಿ ಕರಿದ ಚಿಪ್ಸು ಹತ್ತು ದಿನದಲ್ಲಿ ಕಮಟು ವಾಸನೆ ಬರುತ್ತದೆ. ಆಮೇಲೆ ಹಾಳಾಗುವುದು ನಿಮ್ಮ ಹೆಸರು.

ಕಡಿಮೆ ದರಕ್ಕೆ ತೆಂಗಿನೆಣ್ಣೆ ಕೊಡುತ್ತೇವೆ ಎಂದು ಯಾರಾದರೂ ನಿಮ್ಮಲ್ಲಿಗೂ ಬಂದಿರಬಹುದು. ಕೊಬ್ಬರಿಯೇ 220 ಇರುವಾಗ ಅಪ್ಪಟ ಎಣ್ಣೆ 250ಕ್ಕೆ ಹೇಗೆ ಕೊಡಲು ಸಾಧ್ಯ? ಪಾಮೆಣ್ಣೆ ಬೆರೆಸಿದರೆ ಮಾತ್ರ ಸಾಧ್ಯ. ನಮ್ಮ ಗಾಣದಲ್ಲಿ ಅದು ನಡೆಯುವುದಿಲ್ಲ. ನೀವು ಪ್ಯಾಕೆಟ್ಟಿನ ಮೇಲೆ ‘ಶುದ್ಧ ತೆಂಗಿನೆಣ್ಣೆಯಲ್ಲಿ ಕರಿದದ್ದು’ ಎಂದು ಅಚ್ಚು ಹಾಕಿಸುವವರು. ಆ ಮಾತು ಸುಳ್ಳಾಗಬಾರದು.

ನನ್ನಿಂದ ಆಗುವಷ್ಟು ಅನುಕೂಲ ಮಾಡಿಕೊಡುತ್ತೇನೆ. ಜೂನ್ 30ರ ಒಳಗೆ ನೀವು ಹೇಳುವ ಟಿನ್ನುಗಳಿಗೆ ಹಳೆಯ ದರವೇ. ಎಂಟು ಟಿನ್ನಿನವರೆಗೆ ಎತ್ತಿಟ್ಟಿದ್ದೇನೆ. ಒಂದೇ ಸಲ ಒಯ್ಯಬೇಕೆಂದಿಲ್ಲ. ಹಣ ಕೊಡಲು ಈಗಿರುವ ಹದಿನೈದು ದಿನದ ಬದಲು ಒಂದು ತಿಂಗಳು ತೆಗೆದುಕೊಳ್ಳಿ. ಮನೆಗೆ ತಲುಪಿಸುವುದಕ್ಕೆ ಎಂದಿನಂತೆ ಬಾಡಿಗೆ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಈ ದರ ಹೀಗೇ ನಿಲ್ಲುತ್ತದೆ ಎಂದುಕೊಳ್ಳಬೇಡಿ. ನಾನು ತರುವ ಕೊಬ್ಬರಿ ಕಿಲೋಗೆ 200ಕ್ಕಿಂತ ಕೆಳಗೆ ಬಂದರೆ ಮರುವಾರವೇ ನಿಮ್ಮ ದರ ಇಳಿಸುತ್ತೇನೆ. ನೀವು ಕೇಳುವವರೆಗೆ ಕಾಯುವುದಿಲ್ಲ. ಕೊಬ್ಬರಿ ತಂದ ಬಿಲ್ಲು ಗಾಣದಲ್ಲಿದೆ, ಯಾವಾಗ ಬೇಕಾದರೂ ಬಂದು ನೋಡಬಹುದು. ಇನ್ನೂ ಏರಿದರೂ ಸೆಪ್ಟೆಂಬರ್ 5ರ ತಿರುವೋಣದವರೆಗೆ ನಿಮಗೆ 370ರ ಮೇಲೆ ಹೋಗುವುದಿಲ್ಲ. ಓಣಕ್ಕೆ ಅಂಗಡಿಯವರು ಈಗಲೇ ಚಿಪ್ಸಿನ ದರ ಕೇಳುತ್ತಿರಬೇಕಲ್ಲ, ನೀವು ಧೈರ್ಯವಾಗಿ ಹೇಳಬಹುದು.

ಗಾಣ ಶುರು ಮಾಡಿದ ಹೊಸತರಲ್ಲಿ ನಂಬಿ ಎಣ್ಣೆ ತೆಗೆದುಕೊಂಡವರಲ್ಲಿ ನೀವೂ ಒಬ್ಬರು. ಆ ಉಪಕಾರ ಮರೆತಿಲ್ಲ. ಈ ದರದಲ್ಲಿ ಕಷ್ಟ ಅನಿಸಿದರೆ ಸುಮ್ನೆ ಇರಬೇಡಿ, ಒಂದು ಫೋನು ಮಾಡಿ. ಭಾನುವಾರ ಆ ಕಡೆ ಬರುವುದಿದೆ, ಖಾಲಿ ಟಿನ್ನುಗಳನ್ನೂ ಆಗಲೇ ಒಯ್ಯುತ್ತೇನೆ. ಹಳೆಯ ದರದಲ್ಲಿ ಎಷ್ಟು ಟಿನ್ ಬೇಕು ಎಂದು ಅಷ್ಟರೊಳಗೆ ಹೇಳಿದರೆ ಬರುವಾಗಲೇ ತರುತ್ತೇನೆ.

ಭಾವನಿಗೂ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಬದಿಯಡ್ಕದ ಎಣ್ಣೆ ಗಾಣದವ