ಗ್ರಾಹಕರ ಮಾಹಿತಿ ಸೋರಿಕೆ: ಮುಲುಂಡ್ ಕಚೇರಿಯ ಟೇಬಲ್‌ಟಾಪ್ ಅಭ್ಯಾಸದ ಸನ್ನಿವೇಶ

ಇದು ಅಭ್ಯಾಸ ನಡೆಸಿಕೊಡುವವರ ಪ್ರತಿ. ಭಾಗವಹಿಸುವವರಿಗೆ ಇದನ್ನು ಮುಂಚಿತವಾಗಿ ತೋರಿಸತಕ್ಕದ್ದಲ್ಲ.

ಅಭ್ಯಾಸದ ಸ್ವರೂಪ

ಕಲ್ಪಿತ ಸೋರಿಕೆಯೊಂದನ್ನು ಮೇಜಿನ ಸುತ್ತ ಕೂತು ಮಾತಿನಲ್ಲೇ ಎದುರಿಸಿ ನೋಡುವ ಈ ಅಭ್ಯಾಸ ಶನಿವಾರ ಮಧ್ಯಾಹ್ನ 2.30ರಿಂದ 5ರವರೆಗೆ ಕಚೇರಿಯ ಮೇಲಿನ ಕೋಣೆಯಲ್ಲಿ ನಡೆಯುತ್ತದೆ. ಸಂಸ್ಥೆಯ ಇಬ್ಬರು ಪಾಲುದಾರರು, ಲೆಕ್ಕಪತ್ರ ನೋಡಿಕೊಳ್ಳುವವರು, ಗ್ರಾಹಕರ ಫೋನ್ ಎತ್ತುವ ಇಬ್ಬರು, ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ಮತ್ತು ವಿತರಣೆಯ ಹೊಣೆ ಹೊತ್ತವರು ಕೂರಬೇಕು. ನಮ್ಮ ಜಾಲತಾಣವನ್ನು ನಿರ್ವಹಿಸುವ ಪ್ರೋಗ್ರಾಮರ್ ಪುಣೆಯವರಾದ್ದರಿಂದ ಅವರು ಫೋನಿನಲ್ಲಿ ಮಾತ್ರ ಲಭ್ಯರಿರುತ್ತಾರೆ. ಅದೂ ನೀವು ಅನುಮತಿಸಿದಾಗ ಮಾತ್ರ. ಯಾರೂ ಕಂಪ್ಯೂಟರ್ ಮುಟ್ಟುವಂತಿಲ್ಲ. 'ನಾನು ಇಂಥವರಿಗೆ ಫೋನ್ ಮಾಡುತ್ತೇನೆ' ಎಂದವರು ಆ ಸಂಖ್ಯೆ ಎಲ್ಲಿದೆ ಎಂಬುದನ್ನು ಅಲ್ಲಿಯೇ ತೋರಿಸಬೇಕು. ಹೀಗೆ ಕೇಳಿದಾಗ ಕೆಲವರಿಗೆ ಸಿಟ್ಟು ಬರಬಹುದು, ಆದರೂ ಈ ನಿಯಮವನ್ನು ಸಡಿಲಿಸಬೇಡಿ. ಒಬ್ಬರು ಗಡಿಯಾರ ನೋಡಿಕೊಂಡು, ಪ್ರತಿ ನಿರ್ಧಾರವನ್ನೂ ಅದನ್ನು ಮಾಡಿದವರನ್ನೂ ಬರೆದಿಡಬೇಕು.

ನಮ್ಮಲ್ಲಿ ಇರುವ ಮಾಹಿತಿ

ಆರಂಭದಲ್ಲಿ ಇದನ್ನು ಓದಿ ಹೇಳಿ. ನಾವು ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿ, ಹಬ್ಬದ ಸಿಹಿತಿಂಡಿಗಳನ್ನು ಮುಂಬಯಿ, ಠಾಣೆ ಮತ್ತು ಪುಣೆಯ ಮನೆಗಳಿಗೆ ತಲುಪಿಸುತ್ತೇವೆ. ಕಾರ್ಡ್ ಸಂಖ್ಯೆಗಳು ಪೇಮೆಂಟ್ ಗೇಟ್‌ವೇ ಕಂಪನಿಯ ಬಳಿ ಇರುತ್ತವೆ, ನಮ್ಮ ಬಳಿ ಇಲ್ಲ. ನಮ್ಮ ಬಳಿ ಇರುವುದು ಹೆಸರು, ಮೊಬೈಲ್ ಸಂಖ್ಯೆ, ವಿಳಾಸ, ಕೊಂಡ ಪದಾರ್ಥಗಳು ಮತ್ತು 'ವಿತರಣೆಯ ಸೂಚನೆ' ಎಂಬ ಒಂದು ಖಾನೆ. ಹಣ ಹಿಂದಿರುಗಿಸಲು ಪಡೆದ ಬ್ಯಾಂಕ್ ಖಾತೆ ಸಂಖ್ಯೆಗಳ ಪಟ್ಟಿ ಲೆಕ್ಕಪತ್ರದವರ ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿದೆ. ಇಷ್ಟು ಓದಿದ ಮೇಲೆ 'ಕಾರ್ಡ್ ಇಲ್ಲವಲ್ಲ, ಹಾಗಾದರೆ ಭಯವಿಲ್ಲ' ಎಂದು ಯಾರಾದರೂ ಹೇಳಿದರೆ ತಿದ್ದಬೇಡಿ. ಮೂರನೆಯ ಘಟ್ಟದಲ್ಲಿ ಅದು ತಾನಾಗಿ ತಿದ್ದಿಕೊಳ್ಳುತ್ತದೆ.

ಮೊದಲ ಘಟ್ಟ: ಶುಕ್ರವಾರ, ಬೆಳಿಗ್ಗೆ 10.40

ಗಣೇಶ ಚತುರ್ಥಿಗೆ ಇನ್ನು ಮೂರು ದಿನ. ಡೊಂಬಿವಲಿಯ ಗ್ರಾಹಕಿಯೊಬ್ಬರು ಫೋನ್ ಮಾಡಿ, 'ನಿಮ್ಮವರೇ ಯಾರೋ ಮಾತಾಡಿದರು, ಹೋದ ವಾರದ ಕರ್ಜಿಕಾಯಿ ಡಬ್ಬಿಯ 480 ರೂಪಾಯಿ ವಾಪಸ್ ಬರಬೇಕಂತೆ, ಪಿನ್ ಒತ್ತಿ ಅಂದರು, ಒತ್ತಲೇನು?' ಎಂದು ಕೇಳುತ್ತಾರೆ. ನಮ್ಮ ಕಚೇರಿಯಿಂದ ಅಂಥ ಕರೆ ಹೋಗಿಲ್ಲ. 11.25ರ ಹೊತ್ತಿಗೆ ಮಾಟುಂಗಾ ಮತ್ತು ಚಿಂಚ್ವಡದಿಂದ ಇಂಥವೇ ಇನ್ನೆರಡು ಕರೆಗಳು ಬಂದಿವೆ. ಮೂವರಿಗೂ ತಾವು ತರಿಸಿದ ಪದಾರ್ಥ, ದಿನ, ಬೆಲೆ ಸರಿಯಾಗಿ ಹೇಳಲಾಗಿದೆ.

ಫೋನ್ ಎತ್ತುವವರನ್ನು ಮೊದಲು ಕೇಳಿ: ಮೊದಲ ಕರೆಯಾದ ಮೇಲೆ ನೀವು ಯಾರಿಗೆ ಹೇಳಿದಿರಿ? 'ಎರಡನೆಯದು ಬರಲಿ ಎಂದು ಕಾದೆವು' ಎಂಬ ಉತ್ತರ ಬರುವುದು ಸಹಜ. ಹಬ್ಬದ ಮುಂಚಿನ ಶುಕ್ರವಾರ ನೂರು ಫೋನ್‌ಗಳ ನಡುವೆ ಅದು ತಪ್ಪೆಂದು ಹಳಿಯುವಂಥದ್ದೂ ಅಲ್ಲ. ಆದರೆ ಆ ಗ್ರಾಹಕಿಗೆ ಅದೇ ಕ್ಷಣದಲ್ಲಿ ಏನು ಹೇಳಿದಿರಿ ಎಂಬುದು ಮುಖ್ಯ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ, ಕೊಡುವುದಕ್ಕೆ ಮಾತ್ರ ಬೇಕು ಎಂಬ ಒಂದೇ ವಾಕ್ಯ ಆ ಹೊತ್ತಿಗೆ ನಮ್ಮ ಉಳಿದೆಲ್ಲ ಕ್ರಮಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯ ಘಟ್ಟ: ಮಧ್ಯಾಹ್ನ 1.05

ಪ್ರೋಗ್ರಾಮರ್ ಬೆಳಗಿನಿಂದ ಸಿಕ್ಕಿಲ್ಲ. ಅವರು ರೈಲಿನಲ್ಲಿ ಮುಂಬಯಿಗೆ ಬರುತ್ತಿದ್ದು, ಖಂಡಾಲಾ–ಕರ್ಜತ್ ನಡುವಿನ ಸುರಂಗಗಳಲ್ಲಿ ಫೋನ್ ಹತ್ತುತ್ತಿರಲಿಲ್ಲ. ಕಡೆಗೂ ಅವರು ಸರ್ವರ್ ತಾನಾಗಿ ಬರೆದಿಡುವ ದಾಖಲೆಯಾದ ಲಾಗ್‌ನಿಂದ ಮಂಗಳವಾರದ ಈ ಸಾಲುಗಳನ್ನು ಕಳುಹಿಸುತ್ತಾರೆ. ಇದನ್ನು ಮುದ್ರಿಸಿ ಎಲ್ಲರಿಗೂ ಕೊಡಿ:

```
02:13:07Z  packing2  LOGIN OK  203.0.113.45
02:19:41Z  packing2  EXPORT    orders_all.csv  11412 rows
02:24:10Z  packing2  LOGOUT
```

ಈ ಮೂರು ಸಾಲುಗಳ ಮೇಲೆ ಕನಿಷ್ಠ ಅರ್ಧ ಗಂಟೆ ಕಳೆಯಿರಿ. ನಡುರಾತ್ರಿ ಎರಡು ಗಂಟೆಗೆ ಯಾರೋ ಹೊರಗಿನವರು ನುಗ್ಗಿದ್ದಾರೆ ಎಂದು ಕೋಣೆಯಲ್ಲಿ ಬೇಗನೆ ಒಮ್ಮತ ಮೂಡುತ್ತದೆ. ಹಾಗಾಗಲು ಬಿಡಿ. ಹತ್ತು ನಿಮಿಷವಾದರೂ ಸಮಯದ ಕೊನೆಗಿರುವ Z ಅಕ್ಷರವನ್ನು ಯಾರೂ ಗಮನಿಸದಿದ್ದರೆ, ಸರ್ವರ್ ತೋರಿಸುವುದು ಭಾರತದ ಸಮಯವಲ್ಲ, ಯುಟಿಸಿ ಎಂಬ ಅಂತಾರಾಷ್ಟ್ರೀಯ ಸಮಯ ಎಂದು ತಿಳಿಸಿ. ಐದೂವರೆ ಗಂಟೆ ಕೂಡಿಸಿದರೆ ಅದು ಬೆಳಿಗ್ಗೆ 7.43 ಆಗುತ್ತದೆ, ಅಂದರೆ ಪ್ಯಾಕಿಂಗ್ ಮೇಜಿನ ಸುತ್ತ ಜನ ತುಂಬಿರುವ ಹೊತ್ತು. ಪ್ಯಾಕಿಂಗ್ ವಿಭಾಗದವರು ಹಂಚಿಕೊಂಡ packing2 ಖಾತೆಯ ಪಾಸ್‌ವರ್ಡ್ ತೂಕದ ಯಂತ್ರದ ಪಕ್ಕದ ಗೋಡೆಯ ಚೀಟಿಯಲ್ಲಿದೆ ಎಂದೂ, ಮೂರು ತಿಂಗಳ ಹಿಂದೆ ಕೆಲಸ ಬಿಟ್ಟವರೂ ಸೇರಿ ಆರು ಮಂದಿಗೆ ಅದು ಗೊತ್ತೆಂದೂ ಈ ಸನ್ನಿವೇಶದಲ್ಲಿ ಇಟ್ಟುಕೊಳ್ಳಿ.

ಇಲ್ಲಿ ಅನುಮಾನ ಒಬ್ಬರ ಕಡೆಗೆ ತಿರುಗುವ ಅಪಾಯವಿದೆ. ಸಮಯ ಹೊಂದಿತು ಎಂದ ಮಾತ್ರಕ್ಕೆ ಒಳಗಿನವರೇ ಮಾಡಿದರು ಎಂದಾಗುವುದಿಲ್ಲ. ಆ ಐಪಿ ವಿಳಾಸ ನಮ್ಮ ಕಚೇರಿಯ ಸಂಪರ್ಕದ್ದೇ ಎಂದು ಯಾರಾದರೂ ಕೇಳಿದರೆ 'ಅಲ್ಲ' ಎಂದು ಉತ್ತರಿಸಿ, ಕೇಳದಿದ್ದರೆ ಹೇಳಬೇಡಿ. ಯಾರ ಹೆಸರನ್ನಾದರೂ ಬಾಯಿಬಿಟ್ಟು ಹೇಳಿದರೆ ಚರ್ಚೆ ನಿಲ್ಲಿಸಿ, ಅದಕ್ಕೆ ಸಾಕ್ಷ್ಯವೇನೆಂದು ಬರೆಸಿ.

ನಂತರ ನಿರ್ಧಾರದ ಪ್ರಶ್ನೆ. packing2 ಖಾತೆಯನ್ನು ಈಗಲೇ ಮುಚ್ಚಿದರೆ ವಿಳಾಸದ ಚೀಟಿಗಳು ಮುದ್ರಣವಾಗುವುದಿಲ್ಲ, ಸಂಜೆ ಆರಕ್ಕೆ ಹೊರಡಬೇಕಾದ ಹಬ್ಬದ ಡಬ್ಬಿಗಳು ಉಳಿಯುತ್ತವೆ, ಮೋದಕ ಮರುದಿನಕ್ಕೆ ಇರುವ ಪದಾರ್ಥವಲ್ಲ. ಮುಚ್ಚದಿದ್ದರೆ ಬಾಗಿಲು ತೆರೆದೇ ಇರುತ್ತದೆ. ಪಾಸ್‌ವರ್ಡ್ ಬದಲಿಸಿ, ತೆರೆದಿರುವ ಲಾಗಿನ್‌ಗಳನ್ನೆಲ್ಲ ಕಡಿದು, ಇಡೀ ಪಟ್ಟಿ ಇಳಿಸಿಕೊಳ್ಳುವ ಸೌಲಭ್ಯವನ್ನಷ್ಟೇ ತೆಗೆದುಹಾಕುವ ನಡುದಾರಿ ಮೇಲ್ವಿಚಾರಕಿಗೆ ಹೊಳೆಯುತ್ತದೆಯೇ ನೋಡಿ. ಅದನ್ನು ಮಾಡಬಲ್ಲವರು ರೈಲಿನಲ್ಲಿದ್ದಾರೆ ಎಂಬುದನ್ನು ಆಗ ನೆನಪಿಸಿ. ಸರ್ವರನ್ನೇ ಅಳಿಸಿ ಹೊಸದಾಗಿ ಹಾಕೋಣ ಎಂದು ಯಾರಾದರೂ ಸೂಚಿಸಿದರೆ, ಲಾಗ್‌ಗಳ ನಕಲನ್ನು ಯಾರು, ಎಲ್ಲಿ ತೆಗೆದಿಟ್ಟಿದ್ದಾರೆಂದು ಕೇಳಿ. ನಮ್ಮ ಈಗಿನ ಹೋಸ್ಟಿಂಗ್ ಯೋಜನೆಯಲ್ಲಿ ಲಾಗ್ ಉಳಿಯುವುದು 30 ದಿನ ಮಾತ್ರ. ಸೈಬರ್ ಭದ್ರತೆಯ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 28 ಏಪ್ರಿಲ್ 2022ರ ನಿರ್ದೇಶನದ ಪ್ರಕಾರ 180 ದಿನ ಇರಿಸಬೇಕು. ಈ ಅಂತರ ಅಭ್ಯಾಸದ ಕಲ್ಪನೆಯಲ್ಲ, ನಿಜವಾಗಿಯೂ ಇದೆ.

ಮೂರನೆಯ ಘಟ್ಟ: ಮಧ್ಯಾಹ್ನ 3.20

ಸಂಸ್ಥೆಯ ವಾಟ್ಸಾಪ್ ಸಂಖ್ಯೆಗೆ ಅಪರಿಚಿತರಿಂದ ಸಂದೇಶ ಬರುತ್ತದೆ: ಎರಡು ಲಕ್ಷ ರೂಪಾಯಿ ಕೊಡದಿದ್ದರೆ ಪೂರ್ತಿ ಪಟ್ಟಿಯನ್ನು ಮಾರುತ್ತೇವೆ. ನಂಬಿಕೆಗಾಗಿ ಒಂದು ಸಾಲನ್ನು ಲಗತ್ತಿಸಿದ್ದಾರೆ. ಗ್ರಾಹಕಿ ಘಾಟ್‌ಕೋಪರ್‌ನವರು, ತರಿಸಿದ್ದು ಸಕ್ಕರೆ ಹಾಕದ ಲಾಡು, ವಿತರಣೆಯ ಸೂಚನೆ: 'ಅಜ್ಜಿ ಒಬ್ಬರೇ ಇರುತ್ತಾರೆ, ಕಿವಿ ಕೇಳಿಸದು, ಬೀಗದ ಕೈ ಶೂ ಗೂಡಿನಲ್ಲಿದೆ, 11ರ ನಂತರ ಬನ್ನಿ.'

ಈ ಸಾಲನ್ನು ಗಟ್ಟಿಯಾಗಿ ಓದಿ, ಸ್ವಲ್ಪ ಹೊತ್ತು ಏನೂ ಕೇಳದೆ ಸುಮ್ಮನಿರಿ. ಬಳಿಕ ವಿತರಣೆಯವರಿಗೆ ಪ್ರಶ್ನೆ: ಇಂಥ ಸೂಚನೆಗಳು ಎಷ್ಟಿರಬಹುದು? ಇವರಿಗೆಲ್ಲ ಸಾಮಾನ್ಯ ಸಂದೇಶ ಸಾಕೇ ಅಥವಾ ಇಂದೇ ಒಬ್ಬೊಬ್ಬರಿಗೂ ಫೋನ್ ಮಾಡಬೇಕೇ? ಪಟ್ಟಿಯಿಂದ ಅವರನ್ನು ಹೆಕ್ಕುವವರು ಯಾರು?

ಸಂಖ್ಯೆಯ ಬಗ್ಗೆಯೂ ಇಲ್ಲಿಯೇ ಸ್ಪಷ್ಟತೆ ಬರಲಿ. 11,412 ಎಂಬುದು ಆರ್ಡರ್‌ಗಳ ಲೆಕ್ಕ, ಗ್ರಾಹಕರದ್ದಲ್ಲ. ಒಬ್ಬರೇ ಇಪ್ಪತ್ತು ಬಾರಿ ತರಿಸಿರಬಹುದು. ಇನ್ನೊಂದು ಕಡೆ, ಮಗಳು ಪುಣೆಯಿಂದ ಹಣ ಕಟ್ಟಿ ಮುಲುಂಡಿನ ತಂದೆಗೆ ಕಳುಹಿಸಿದ ಉಡುಗೊರೆ ಡಬ್ಬಿಯಲ್ಲಿ ತಂದೆಯ ಹೆಸರು, ಫೋನ್, ವಿಳಾಸವೂ ಇವೆ, ಅವರು ನಮ್ಮ ಗ್ರಾಹಕರೇ ಅಲ್ಲ. ಅವರಿಗೂ ತಿಳಿಸಬೇಕೆಂದು ಯಾರಿಗಾದರೂ ತೋಚುವವರೆಗೆ ಮುಂದೆ ಹೋಗಬೇಡಿ.

ಹಣ ಕೊಡುವ ಚರ್ಚೆಯನ್ನು ಲಂಬಿಸಬೇಕಾಗಿಲ್ಲ. ಕೊಟ್ಟರೂ ನಕಲು ಅಳಿಯಿತೆಂದು ತಿಳಿಯುವ ಉಪಾಯವಿಲ್ಲ. ಸಂದೇಶಕ್ಕೆ ಉತ್ತರಿಸದೆ ಉಳಿಸಿಕೊಂಡು ಪೊಲೀಸರಿಗೆ ಒಪ್ಪಿಸುವುದಷ್ಟೇ ನಿರೀಕ್ಷಿತ ಉತ್ತರ.

ನಾಲ್ಕನೆಯ ಘಟ್ಟ: ಸಂಜೆ 4.10, ಗಡಿಯಾರ

ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ವರದಿ ಮಾಡಬೇಕು. ಘಟನೆ ನಮ್ಮ ಗಮನಕ್ಕೆ ಬಂದ ಅಥವಾ ಯಾರಾದರೂ ಗಮನಕ್ಕೆ ತಂದ ಹೊತ್ತಿನಿಂದ ಎಣಿಕೆ. ಅದು 10.40ರಿಂದ ಎಂದರೆ ಗಡುವು 4.40, ಅಂದರೆ ಇನ್ನು ಅರ್ಧ ಗಂಟೆ, 1.05ರಿಂದ ಎಂದರೆ 7.05. ಪಾಲುದಾರರು ಒಂದನ್ನು ಆರಿಸಿ ಕಾರಣ ಬರೆಸಲಿ. ನನ್ನ ಅಭಿಪ್ರಾಯದಲ್ಲಿ ಈ ವಾದದಲ್ಲಿ ಗೆದ್ದು ಸಿಗುವುದೇನೂ ಇಲ್ಲ: ತಿಳಿದಷ್ಟನ್ನು incident@cert-in.org.in ವಿಳಾಸಕ್ಕೆ ಕಳುಹಿಸಿ, ಉಳಿದದ್ದನ್ನು ಆಮೇಲೆ ಸೇರಿಸುವುದು ಕ್ಷೇಮ. ಕೋಣೆಯಲ್ಲಿರುವವರು ಆ ವರದಿಯನ್ನು ಹದಿನೈದು ನಿಮಿಷದಲ್ಲಿ ಕೈಬರಹದಲ್ಲಿ ಬರೆಯಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ದತ್ತಾಂಶ ಸಂರಕ್ಷಣಾ ಮಂಡಳಿಗೂ ಮಾಹಿತಿ ಸೋರಿಹೋದ ಪ್ರತಿಯೊಬ್ಬರಿಗೂ ತಿಳಿಸಬೇಕು. ನವೆಂಬರ್ 2025ರಲ್ಲಿ ಪ್ರಕಟವಾದ ನಿಯಮಗಳಲ್ಲಿ ಈ ಭಾಗ ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿ ಇಟ್ಟಿದ್ದರೂ, ಇಂದು ಅದು ಜಾರಿಯಲ್ಲಿದೆ ಎಂದೇ ಭಾವಿಸಿ ಅಭ್ಯಾಸ ಮಾಡಿ. ಮಂಡಳಿಗೆ ಮೊದಲ ಸೂಚನೆ ತಡವಿಲ್ಲದೆ ಹೋಗಬೇಕು, ವಿವರವಾದ ವರದಿ 72 ಗಂಟೆಯೊಳಗೆ. 1.05ರಿಂದ ಎಣಿಸಿದರೆ ಅದು ಸೋಮವಾರ ಮಧ್ಯಾಹ್ನಕ್ಕೆ, ಚೌತಿಯ ದಿನವೇ ಬೀಳುತ್ತದೆ. ಅಂದು ಯಾರು ಕಚೇರಿಯಲ್ಲಿರುತ್ತಾರೆ ಎಂದು ಕೇಳಿ. ಸೋರಿಕೆಯನ್ನು ತಿಳಿಸದಿದ್ದರೆ ದಂಡದ ಗರಿಷ್ಠ ಮಿತಿ 200 ಕೋಟಿ ರೂಪಾಯಿ ಎಂಬುದನ್ನು ಒಮ್ಮೆ ಹೇಳಿದರೆ ಸಾಕು.

ಇದರ ನಡುವೆ ಲೆಕ್ಕಪತ್ರದವರ ಕೈಗೆ ಒಂದು ಚೀಟಿ ಕೊಡಿ: ಚಿಂಚ್ವಡದ ಗ್ರಾಹಕರು ಪಿನ್ ಒತ್ತಿ 18,500 ರೂಪಾಯಿ ಕಳೆದುಕೊಂಡಿದ್ದಾರೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸುವಂತೆ ಅವರಿಗೆ ಹೇಳಬೇಕು. 'ನಷ್ಟ ನಾವೇ ತುಂಬಿಕೊಡುತ್ತೇವೆ' ಎಂಬ ಭರವಸೆಯನ್ನು ಫೋನ್ ಎತ್ತುವವರು ಕೊಡಬಹುದೇ ಎಂಬುದನ್ನು ಪಾಲುದಾರರು ಅಲ್ಲಿಯೇ ತೀರ್ಮಾನಿಸಲಿ.

ಐದನೆಯ ಘಟ್ಟ: ಗ್ರಾಹಕರಿಗೆ ಸಂದೇಶ

ಪಾಲುದಾರರೊಬ್ಬರು ಬರೆದರೆಂದು ಹೇಳಿ ಈ ಕರಡನ್ನು ಓದಿ: 'ಮಾನ್ಯ ಗ್ರಾಹಕರೇ, ಕೆಲವು ತಾಂತ್ರಿಕ ಕಾರಣಗಳಿಂದ ಸಣ್ಣ ತೊಂದರೆಯಾಗಿರುವ ಸಾಧ್ಯತೆ ಇದೆ. ನಿಮ್ಮ ಮಾಹಿತಿ ಸಂಪೂರ್ಣ ಸುರಕ್ಷಿತ. ಹಬ್ಬದ ಶುಭಾಶಯಗಳು.' ಇದರಲ್ಲಿ ಸುಳ್ಳು ಯಾವುದು, ಉಪಯೋಗವಿಲ್ಲದ್ದು ಯಾವುದು ಎಂದು ಗೆರೆ ಎಳೆಸಿ. ನಂತರ ಏನು ಸೋರಿತು, ಯಾವಾಗ, ಅದರಿಂದ ಏನಾಗಬಹುದು, ನಾವೇನು ಮಾಡಿದ್ದೇವೆ, ಅವರೇನು ಮಾಡಬೇಕು, ಯಾರನ್ನು ಕೇಳಬೇಕು ಎಂಬಷ್ಟೂ ಬರುವಂತೆ ಕನ್ನಡ ಮತ್ತು ಮರಾಠಿಯಲ್ಲಿ ಹೊಸದಾಗಿ ಬರೆಯಲಿ. ಸಂದೇಶದಲ್ಲಿ ಯಾವುದೇ ಲಿಂಕ್ ಇರಬಾರದು, ಏಕೆಂದರೆ ವಂಚಕರೂ ಅದೇ ದಿನ ಲಿಂಕ್ ಕಳುಹಿಸುತ್ತಿರುತ್ತಾರೆ.

ಅಭ್ಯಾಸ ಮುಗಿದ ಮೇಲೆ

ಕೊನೆಯ ಇಪ್ಪತ್ತು ನಿಮಿಷ ಯಾರನ್ನೂ ಹೊಗಳದೆ, ತೆಗಳದೆ, ಬರೆದಿಟ್ಟ ನಿರ್ಧಾರಗಳನ್ನು ಓದಿ ಹೇಳಿ. ಗೋಡೆಯ ಚೀಟಿ, ಹಂಚಿಕೊಂಡ ಖಾತೆ, 30 ದಿನದ ಲಾಗ್, ಹಳೆಯ ವಿತರಣಾ ಸೂಚನೆಗಳನ್ನು ಡಬ್ಬಿ ತಲುಪಿದ ಮೇಲೂ ಇಟ್ಟುಕೊಂಡಿರುವುದು: ಈ ನಾಲ್ಕಕ್ಕೂ ಹೊಣೆಗಾರರ ಹೆಸರು ಮತ್ತು ಗಡುವು ಬರೆದಾಗದೆ ಯಾರೂ ಏಳಬಾರದು. ಪ್ರೋಗ್ರಾಮರ್ ಸಿಗದಿದ್ದಾಗ ಖಾತೆ ಮುಚ್ಚುವ ಅಧಿಕಾರವೂ ಪಾಸ್‌ವರ್ಡೂ ಇರುವ ಎರಡನೆಯ ವ್ಯಕ್ತಿಯನ್ನು ಅಂದೇ ಗೊತ್ತುಮಾಡಿ, ಅವರಿಂದ ಸೋಮವಾರ ಬೆಳಿಗ್ಗೆ ಒಮ್ಮೆ ಖಾತೆ ಮುಚ್ಚಿಸಿ, ತೆರೆಸಿ ನೋಡಿ.