ಕಡಿಮೆ ಖರ್ಚಿನ ಆರ್‌ಎಫ್‌ಐಡಿ ಹಾಜರಾತಿ ಯಂತ್ರ: ಪ್ರಾಜೆಕ್ಟ್ ಪ್ರಸ್ತಾವನೆ

ಇವರಿಗೆ: ಮುಖ್ಯಸ್ಥರು, ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗ
ಇವರಿಂದ: ಡಿಪ್ಲೊಮಾ ಅಂತಿಮ ವರ್ಷದ ನಾಲ್ವರ ತಂಡ

ಸರ್,

ನಮ್ಮ ತರಗತಿಯಲ್ಲಿ 60 ಜನ. ಪ್ರತಿ ಪೀರಿಯಡ್ಡಿನಲ್ಲೂ ಹೆಸರು ಕೂಗುವಷ್ಟರಲ್ಲಿ ಐದಾರು ನಿಮಿಷ ಹೋಗುತ್ತದೆ. ತಿಂಗಳ ಕೊನೆಗೆ ರಿಜಿಸ್ಟರ್ ನೋಡಿ ಶೇಕಡಾವಾರು ಲೆಕ್ಕ ಹಾಕುವ ಕೆಲಸ ಬೇರೆ. ಇವೆರಡನ್ನೂ ಕಡಿಮೆ ಮಾಡುವ ಯಂತ್ರವೊಂದನ್ನು ಕಟ್ಟಲು ಒಪ್ಪಿಗೆ ಕೇಳುತ್ತಿದ್ದೇವೆ.

ಕೆಲಸ ಮಾಡುವ ರೀತಿ

ಬಾಗಿಲ ಬಳಿಯ ಡಬ್ಬಿಗೆ ಕಾರ್ಡ್ ಹಿಡಿದರೆ ಬಝರ್ ಕೂಗುತ್ತದೆ. ಪರದೆಯಲ್ಲಿ ಹೆಸರು ಬರುತ್ತದೆ, ಕೆಳಗೆ ದೊಡ್ಡದಾಗಿ 47/60 ಎಂಬಂಥ ಎಣಿಕೆ. 13.56 ಮೆಗಾಹರ್ಟ್ಸ್‌ನ ಆರ್‌ಸಿ522 ರೀಡರ್ ಕಾರ್ಡಿನ ನಂಬರ್ ಓದುತ್ತದೆ, ಡಿಎಸ್3231 ಗಡಿಯಾರ ಸಮಯ ಕೊಡುತ್ತದೆ. ಇಎಸ್‌ಪಿ32 ಅದನ್ನು ಒಂದು ಸಾಲಾಗಿ ಬರೆದಿಡುತ್ತದೆ:

```
A3F2190C,2601050902
```

ಸಾಲಿಗೆ 20 ಬೈಟ್. ದಿನಕ್ಕೆ ಐದು ಪೀರಿಯಡ್ ಅಂದರೂ 6,000 ಬೈಟ್ ಅಷ್ಟೇ. ಬೋರ್ಡಿನ ಫ್ಲ್ಯಾಶ್‌ನಲ್ಲಿ 1 ಎಂಬಿ ಜಾಗ ಬಿಟ್ಟರೆ ಸೆಮಿಸ್ಟರ್ ಪೂರ್ತಿ ಹಿಡಿಯುತ್ತದೆ. ಹಾಗಾಗಿ ಎಸ್‌ಡಿ ಕಾರ್ಡ್ ಬೇಡ. ಇಂಟರ್‌ನೆಟ್ ಕೂಡ ಬೇಡ: ಯಂತ್ರವೇ ವೈಫೈ ಹಾಟ್‌ಸ್ಪಾಟ್ ತೆರೆಯುತ್ತದೆ. ಮೇಷ್ಟ್ರು ಮೊಬೈಲ್‌ನಲ್ಲಿ `192.168.4.1` ಒತ್ತಿ ಪಾಸ್‌ವರ್ಡ್ ಕೊಟ್ಟರೆ ಎಕ್ಸೆಲ್‌ನಲ್ಲಿ ತೆರೆಯುವ ಫೈಲ್ ಸಿಗುತ್ತದೆ.

ಸಾಮಾನು ಮತ್ತು ಖರ್ಚು (ಅಂದಾಜು ಬೆಲೆ, ಬೆಂಗಳೂರಿನ ಎಸ್.ಪಿ. ರೋಡಿನಿಂದ ತರುವ ಯೋಚನೆ)

| ಸಾಮಾನು | ರೂ. |
|---|---|
| ಇಎಸ್‌ಪಿ32 ಬೋರ್ಡ್ | 450 |
| ಆರ್‌ಸಿ522 ರೀಡರ್ | 150 |
| ಡಿಎಸ್3231 ಗಡಿಯಾರ, ಸೆಲ್ ಸಮೇತ | 150 |
| 0.96 ಇಂಚಿನ ಓಎಲ್‌ಇಡಿ ಪರದೆ | 220 |
| ಬಝರ್, ಎಲ್‌ಇಡಿ, ರೆಸಿಸ್ಟರ್ | 40 |
| 18650 ಬ್ಯಾಟರಿ, ಚಾರ್ಜಿಂಗ್ ಮಾಡ್ಯೂಲ್ | 250 |
| 5 ವೋಲ್ಟ್ ಅಡಾಪ್ಟರ್ | 150 |
| ಜೀರೋ ಪಿಸಿಬಿ, ವೈರ್, ಹೆಡರ್ | 120 |
| ಪ್ಲಾಸ್ಟಿಕ್ ಡಬ್ಬಿ | 150 |
| ಕಾರ್ಡ್ 60 × 15 | 900 |
| ಇತರೆ | 220 |
| ಒಟ್ಟು | 2,800 |

ರೀಡರ್ 3.3 ವೋಲ್ಟ್‌ನದು, ಇಎಸ್‌ಪಿ32 ಪಿನ್‌ಗಳೂ ಅಷ್ಟೇ. ನೇರವಾಗಿ ಜೋಡಿಸಬಹುದು. ಡಬ್ಬಿ ಪ್ಲಾಸ್ಟಿಕ್ಕೇ ಆಗಬೇಕು, ತಗಡಿನ ಹಿಂದೆ ಆಂಟೆನಾ ಕಾರ್ಡನ್ನು ಓದುವುದಿಲ್ಲ. ಅಗ್ಗದ ಡಿಎಸ್3231 ಮಾಡ್ಯೂಲ್‌ಗಳಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಇರುತ್ತದೆ. ನಾವು ಹಾಕುವುದು ಚಾರ್ಜ್ ಆಗದ ಸಿಆರ್2032 ಸೆಲ್, ಆದ್ದರಿಂದ ಆ ಡಯೋಡನ್ನು ಕಿತ್ತೇ ಜೋಡಿಸುತ್ತೇವೆ.

ಇದರಿಂದ ಆಗದ್ದು

ಪ್ರಾಕ್ಸಿ ನಿಲ್ಲುವುದಿಲ್ಲ ಸರ್. ಗೆಳೆಯನ ಕೈಲಿ ಕಾರ್ಡ್ ಕೊಟ್ಟು ಕಳಿಸಿದರೆ ಯಂತ್ರಕ್ಕೇನು ಗೊತ್ತಾಗುತ್ತದೆ? ಈ ಕಾರ್ಡಿನ ನಂಬರನ್ನು ನಕಲು ಮಾಡುವುದೂ ಕಷ್ಟವಲ್ಲ. ಎಣಿಕೆಯನ್ನು ಪರದೆಯಲ್ಲಿ ದೊಡ್ಡದಾಗಿ ಇಟ್ಟಿರುವುದು ಅದಕ್ಕೇ. ಮೇಷ್ಟ್ರು ತಲೆ ಎಣಿಸಿ ನೋಡಿ, ಎರಡೂ ತಾಳೆಯಾಗದಿದ್ದರೆ ಮಾತ್ರ ಹೆಸರು ಕೂಗಿದರಾಯಿತು. ಬೆರಳಚ್ಚು ಸೆನ್ಸರ್ ಯಾಕಿಲ್ಲ ಅನ್ನಬಹುದು. ಖರ್ಚು ಜಾಸ್ತಿ, ಜೊತೆಗೆ ವಿದ್ಯಾರ್ಥಿಗಳ ಬೆರಳಚ್ಚು ಇಟ್ಟುಕೊಳ್ಳುವ ಜವಾಬ್ದಾರಿ ನಮಗೆ ಬೇಡ.

ಸಮಯ ಮತ್ತು ಕೋರಿಕೆ

ಒಟ್ಟು ಎಂಟು ವಾರ: ಬ್ರೆಡ್‌ಬೋರ್ಡ್‌ಗೆ ಎರಡು, ಪ್ರೋಗ್ರಾಮ್‌ಗೆ ಮೂರು, ಡಬ್ಬಿಗೆ ಒಂದು. ಉಳಿದೆರಡು ವಾರ ನಮ್ಮದೇ ತರಗತಿಯಲ್ಲಿ ರಿಜಿಸ್ಟರ್ ಜೊತೆಗೇ ನಡೆಸಿ ತಾಳೆ ನೋಡುತ್ತೇವೆ.

ಕಾರ್ಡ್‌ಗಳು ಮುಂದಿನ ಬ್ಯಾಚಿಗೂ ಬರುತ್ತವೆ. ಅವುಗಳ 900 ರೂಪಾಯಿಯನ್ನು ವಿಭಾಗ ಕೊಟ್ಟರೆ, ಉಳಿದ 1,900ನ್ನು ನಾವು ತಲಾ 475ರಂತೆ ಹಾಕಿಕೊಳ್ಳುತ್ತೇವೆ. ಲ್ಯಾಬ್‌ನ ಸೋಲ್ಡರಿಂಗ್ ಸ್ಟೇಷನ್ನನ್ನು ಶನಿವಾರ ಮಧ್ಯಾಹ್ನ ಬಳಸಲು ಅನುಮತಿಯೂ ಬೇಕು.